ಕಾದ ಅಲ್ಯೂಮಿನಿಯಂನಲ್ಲಿ ಖಾಲಿ ಸ್ಥಾನಗಳೆಷ್ಟು?

ಬೆಳಗಾವಿಯ ಉದ್ಯಮಬಾಗಿನಂಥ ಕೈಗಾರಿಕಾ ಪ್ರದೇಶದಲ್ಲಿ ಅಲ್ಯೂಮಿನಿಯಂ ಭಾಗಗಳಿಗೆ ಹೀಟ್ ಟ್ರೀಟ್‌ಮೆಂಟ್ ಮಾಡುವವರು ಹೊಸ ಹುಡುಗರಿಗೆ ಮೊದಲು ಹೇಳಿಕೊಡುವ ಮಾತುಗಳಲ್ಲಿ ಇದೂ ಒಂದು: "ಫರ್ನೇಸ್‌ನಿಂದ ತಗದ ಕೂಡ್ಲೆ ನೀರಿಗೆ ಬಿಡಬೇಕು, ತಡ ಆದ್ರ ಗಟ್ಟಿ ಆಗಂಗಿಲ್ಲ." ಮೆಗ್ನೀಷಿಯಂ ಮತ್ತು ಸಿಲಿಕಾನ್ ಬೆರೆತ ಮಿಶ್ರಲೋಹವನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿನಲ್ಲಿ ಥಟ್ಟನೆ ತಣಿಸುವ ಈ ಕ್ರಮಕ್ಕೆ ಎರಡು ಕಾರಣಗಳಿವೆ. ತಡವಾದರೆ ಕರಗಿದ್ದ ಮೆಗ್ನೀಷಿಯಂ ಮತ್ತು ಸಿಲಿಕಾನ್ ದಪ್ಪ ಕಣಗಳಾಗಿ ಬೇರ್ಪಡುತ್ತವೆ ಎಂಬ ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದ್ದು. ಎರಡನೆಯದು ಕಣ್ಣಿಗೆ ಕಾಣದ್ದು: ಬಿಸಿ ಲೋಹದೊಳಗೆ ಪರಮಾಣುಗಳಿಲ್ಲದ ಖಾಲಿ ಸ್ಥಾನಗಳು ಅಪಾರ ಸಂಖ್ಯೆಯಲ್ಲಿರುತ್ತವೆ, ಅವು ಕಣ್ಮರೆಯಾಗುವ ಮೊದಲೇ ಅವನ್ನು ಹಿಡಿದಿಡಬೇಕು. ಎಷ್ಟಿರುತ್ತವೆ ಎಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು.

ಸ್ಫಟಿಕದಲ್ಲಿ ಪರಮಾಣುಗಳು ಸಾಲಾಗಿ, ಒಂದರ ಮೇಲೊಂದು ಒಪ್ಪವಾಗಿ ಜೋಡಣೆಯಾಗಿರುತ್ತವೆ. ಒಳಗಿನ ಒಂದು ಪರಮಾಣುವನ್ನು ಕಿತ್ತು ಮೇಲ್ಮೈಗೆ ಸೇರಿಸಿದರೆ ಒಳಗೆ ಒಂದು ಜಾಗ ಖಾಲಿಯಾಗುತ್ತದೆ. ಉಗ್ರಾಣದಲ್ಲಿ ಒಟ್ಟಿದ ಜೋಳದ ಚೀಲಗಳ ನಡುವಿನಿಂದ ಒಂದನ್ನು ಎಳೆದು ತುದಿಗೆ ಹೇರಿದ ಹಾಗೆ, ಇದಕ್ಕೆ ಶ್ರಮ ಬೇಕು. ಪರಮಾಣುವಿನ ವಿಷಯದಲ್ಲಿ ಆ ಶ್ರಮವೇ ಖಾಲಿ ಸ್ಥಾನದ ರಚನಾ ಶಕ್ತಿ. ಶಕ್ತಿ ಖರ್ಚಾಗುವುದಾದರೆ ಖಾಲಿ ಸ್ಥಾನಗಳು ಯಾಕಾದರೂ ಉಂಟಾಗಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಎಂಟ್ರೊಪಿಯಲ್ಲಿದೆ. ಒಂದೂ ಜಾಗ ಖಾಲಿಯಿಲ್ಲದ ಸ್ಫಟಿಕಕ್ಕೆ ಇರುವುದು ಒಂದೇ ಜೋಡಣೆ. ಒಂದು ಜಾಗ ಖಾಲಿಯಾದರೆ ಅದು ಲಕ್ಷಾಂತರ ಕೋಟಿ ಸ್ಥಾನಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು. ಜೋಡಣೆಯ ಬಗೆಗಳು ಹೀಗೆ ಹೆಚ್ಚುವುದರಿಂದ ಸಿಗುವ ಅನುಕೂಲ ಉಷ್ಣತೆಯೊಂದಿಗೆ ಗುಣಿಸಿಕೊಂಡು ಬರುತ್ತದೆ, ಆದ್ದರಿಂದ ಕಾವು ಏರಿದಷ್ಟೂ ಸ್ಫಟಿಕವು ಹೆಚ್ಚು ಖಾಲಿ ಸ್ಥಾನಗಳನ್ನು ತಾಳಿಕೊಳ್ಳುತ್ತದೆ. ಅಂದರೆ ಇವು ತಯಾರಿಕೆಯ ದೋಷದಿಂದ ಬಂದವಲ್ಲ; ಎಷ್ಟೇ ಶುದ್ಧವಾದ, ಎಷ್ಟೇ ಜೋಪಾನವಾಗಿ ಬೆಳೆಸಿದ ಸ್ಫಟಿಕದಲ್ಲಿಯೂ ಇದ್ದೇ ಇರುತ್ತವೆ.

ಶಕ್ತಿಯ ಖರ್ಚು ಮತ್ತು ಎಂಟ್ರೊಪಿಯ ಲಾಭ ಸರಿತೂಗುವ ಬಿಂದುವಿನಲ್ಲಿ ಒಟ್ಟು ಸ್ಥಾನಗಳ ಪೈಕಿ ಖಾಲಿ ಇರುವ ಪಾಲು ಹೀಗಿರುತ್ತದೆ:

c = exp(S/k) × exp(−E/kT)

ಇಲ್ಲಿ E ಎಂಬುದು ರಚನಾ ಶಕ್ತಿ, T ಕೆಲ್ವಿನ್‌ನಲ್ಲಿರುವ ಉಷ್ಣತೆ, k ಬೋಲ್ಟ್ಸ್‌ಮನ್ ಸ್ಥಿರಾಂಕ, ಅಂದರೆ ಕೆಲ್ವಿನ್‌ಗೆ 8.617 × 10⁻⁵ ಎಲೆಕ್ಟ್ರಾನ್ ವೋಲ್ಟ್. S ಎಂಬುದು ಖಾಲಿ ಜಾಗದ ಸುತ್ತಲಿನ ಪರಮಾಣುಗಳ ಕಂಪನ ಬದಲಾಗುವುದರಿಂದ ಬರುವ ಎಂಟ್ರೊಪಿ. ಶುದ್ಧ ಅಲ್ಯೂಮಿನಿಯಂಗೆ ಸಿಮನ್ಸ್ ಮತ್ತು ಬಲೂಫಿ 1960ರಲ್ಲಿ ಪ್ರಕಟಿಸಿದ ಅಳತೆಗಳಂತೆ E ಸುಮಾರು 0.76 ಎಲೆಕ್ಟ್ರಾನ್ ವೋಲ್ಟ್, S ಸುಮಾರು 2.4k, ಹಾಗಾಗಿ ಮೊದಲ ಗುಣಕ ಸುಮಾರು 11.

ಈಗ 530 ಡಿಗ್ರಿಯ ಲೆಕ್ಕ. 273 ಕೂಡಿಸಿದರೆ 803 ಕೆಲ್ವಿನ್. kT ಬೆಲೆ 0.0692 ಎಲೆಕ್ಟ್ರಾನ್ ವೋಲ್ಟ್; 0.76ನ್ನು ಅದರಿಂದ ಭಾಗಿಸಿದರೆ 10.98. exp(−10.98) ಎಂದರೆ 1.7 × 10⁻⁵. 11ರಿಂದ ಗುಣಿಸಿದಾಗ 1.87 × 10⁻⁴, ಅಂದರೆ ಹೆಚ್ಚುಕಡಿಮೆ 5,300 ಸ್ಥಾನಗಳಲ್ಲಿ ಒಂದು ಖಾಲಿ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂನಲ್ಲಿ ಸುಮಾರು 6 × 10²² ಪರಮಾಣುಗಳಿರುವುದರಿಂದ ಖಾಲಿ ಸ್ಥಾನಗಳ ಸಂಖ್ಯೆ 1.1 × 10¹⁹ ಆಗುತ್ತದೆ. ಇದೇ ಲೆಕ್ಕವನ್ನು 30 ಡಿಗ್ರಿಗೆ, ಅಂದರೆ 303 ಕೆಲ್ವಿನ್‌ಗೆ ಮಾಡಿದರೆ ಭಾಗಲಬ್ಧ 29.1ಕ್ಕೆ ಏರಿ, c ಕೇವಲ 2.5 × 10⁻¹²ಕ್ಕೆ ಇಳಿಯುತ್ತದೆ. ಕೆಲ್ವಿನ್ ಲೆಕ್ಕದಲ್ಲಿ ಉಷ್ಣತೆ ಮೂರುಪಟ್ಟು ಕೂಡ ಆಗಿಲ್ಲ, ಖಾಲಿ ಸ್ಥಾನಗಳು ಮಾತ್ರ ಏಳು ಕೋಟಿ ಪಟ್ಟಿಗೂ ಮೀರಿ ಹೆಚ್ಚಿವೆ. ಉಷ್ಣತೆಯು ಘಾತದ ಛೇದದಲ್ಲಿ ಕುಳಿತಿರುವುದೇ ಇದಕ್ಕೆ ಕಾರಣ.

ವಿದ್ಯಾರ್ಥಿಗಳ ಲೆಕ್ಕ ತಪ್ಪುವುದು ಬಹುಮಟ್ಟಿಗೆ ಸೆಲ್ಸಿಯಸ್‌ನಲ್ಲಿ. 303ರ ಬದಲು 30 ಎಂದೇ ಹಾಕಿದರೆ ಉತ್ತರ 10⁻¹²⁷ರ ಆಸುಪಾಸಿಗೆ ಹೋಗಿ, ತಪ್ಪು ತಾನಾಗಿಯೇ ಬಯಲಾಗುತ್ತದೆ. ಅಪಾಯ ಇರುವುದು 530ರಲ್ಲಿ: ಅಲ್ಲಿ ಸೆಲ್ಸಿಯಸ್ ಹಾಕಿದರೆ 6.5 × 10⁻⁷ ಎಂಬ, ನಂಬುವಂತೆ ಕಾಣುವ ಸಂಖ್ಯೆ ಬರುತ್ತದೆ, ಆದರೆ ಅದು ಸರಿಯಾದ ಉತ್ತರಕ್ಕಿಂತ ಸುಮಾರು 290 ಪಟ್ಟು ಕಡಿಮೆ. ಇದನ್ನು ಹಿಡಿಯಲು ಒಂದು ಒಳ್ಳೆಯ ದಾರಿಯಿದೆ. ಅದೇ E ಮತ್ತು S ಬಳಸಿ ಕರಗುವ ಬಿಂದುವಿನಲ್ಲಿ ಲೆಕ್ಕ ಮಾಡಿ ನೋಡಬೇಕು. ಅಲ್ಯೂಮಿನಿಯಂ, ತಾಮ್ರ, ಚಿನ್ನದಂಥ ಲೋಹಗಳಲ್ಲಿ ಆ ಉತ್ತರ 10⁻⁴ರಿಂದ 10⁻³ರ ಆಸುಪಾಸಿನಲ್ಲಿರಬೇಕು. ಅಲ್ಯೂಮಿನಿಯಂ ಕರಗುವ 933 ಕೆಲ್ವಿನ್‌ನಲ್ಲಿ ನಮ್ಮ ಸೂತ್ರ ಸುಮಾರು 9 × 10⁻⁴ ಕೊಡುತ್ತದೆ.

ಇಷ್ಟು ಸಣ್ಣ ಪಾಲನ್ನು ಅಳೆದದ್ದು ಹೇಗೆ ಎಂಬುದು ನನಗೆ ಈ ಇಡೀ ವಿಷಯದಲ್ಲೇ ಅತಿ ಸೊಗಸಾದ ಭಾಗವೆನಿಸುತ್ತದೆ. ಸರಳನ್ನು ಕಾಯಿಸಿದಾಗ ಅದರ ಉದ್ದ ಎರಡು ಕಾರಣಗಳಿಂದ ಹೆಚ್ಚುತ್ತದೆ: ಪರಮಾಣುಗಳ ನಡುವಿನ ಅಂತರ ಹಿಗ್ಗುವುದು ಒಂದು, ಒಳಗಿನಿಂದ ಹೊರಬಂದ ಪರಮಾಣುಗಳು ಹೊಸ ಸ್ಥಾನಗಳನ್ನು ಕಟ್ಟುವುದು ಇನ್ನೊಂದು. ಕ್ಷ-ಕಿರಣದಿಂದ ಅಳೆದ ಅಂತರ ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ಒಟ್ಟು ಉದ್ದದ ಸಾಪೇಕ್ಷ ಹೆಚ್ಚಳದಿಂದ ಅದನ್ನು ಕಳೆದು ಮೂರರಿಂದ ಗುಣಿಸಿದರೆ c ಸಿಗುತ್ತದೆ. ಒಂದು ಮೀಟರ್ ಸರಳು ಕರಗುವ ಹಂತಕ್ಕೆ ಬರುವಾಗ ಒಟ್ಟು 18 ಮಿಲಿಮೀಟರಿನಷ್ಟು ಬೆಳೆದಿರುತ್ತದೆ. ಅದರಲ್ಲಿ ಖಾಲಿ ಸ್ಥಾನಗಳ ಪಾಲು 0.3 ಮಿಲಿಮೀಟರ್ ಮಾತ್ರ.

ಇದರಿಂದಲೇ ಲೆಕ್ಕದ ಮಿತಿಯೂ ತಿಳಿಯುತ್ತದೆ. ಅಳತೆಗೆ ಸಿಗುವುದು ಹೆಚ್ಚಿನ ಉಷ್ಣತೆಯಲ್ಲಿ ಮಾತ್ರ. ಕೋಣೆಯ ಉಷ್ಣತೆಯ ಸಂಖ್ಯೆ ಆ ರೇಖೆಯನ್ನು ಕೆಳಕ್ಕೆ ಎಳೆದು ಪಡೆದದ್ದು. ನಂತರ ಬಂದ ಪಾಸಿಟ್ರಾನ್ ಪ್ರಯೋಗಗಳು E ಬೆಲೆಯನ್ನು 0.67ರ ಹತ್ತಿರಕ್ಕೆ ತಂದಿವೆ. 530 ಡಿಗ್ರಿಯ ಉತ್ತರ ಮೊದಲಿನಂತೆಯೇ ಉಳಿಯಬೇಕಾದರೆ ಎಂಟ್ರೊಪಿ ಗುಣಕವನ್ನು 11ರ ಬದಲು 3 ಎಂದು ಇಟ್ಟುಕೊಳ್ಳಬೇಕಾಗುತ್ತದೆ. ಆಗ 30 ಡಿಗ್ರಿಯ ಉತ್ತರ ಸುಮಾರು ಒಂಬತ್ತು ಪಟ್ಟು ಹೆಚ್ಚುತ್ತದೆ. ಒಂದು ಪುಸ್ತಕದ E, ಇನ್ನೊಂದು ಪುಸ್ತಕದ S ಬೆರೆಸಬಾರದು ಎನ್ನುವುದು ಇದಕ್ಕಾಗಿಯೇ.

ಇನ್ನೊಂದು ಮಿತಿ ನೀರಿನ ತೊಟ್ಟಿಯದು. ಸೂತ್ರ ಹೇಳುವುದು ಸಮತೋಲನದ ಸಂಖ್ಯೆಯನ್ನು, ಅಲ್ಲಿಗೆ ತಲುಪುವ ವೇಗವನ್ನಲ್ಲ. ಖಾಲಿ ಸ್ಥಾನಗಳು ಕಣ್ಮರೆಯಾಗಬೇಕಾದರೆ ಅವು ಮೇಲ್ಮೈಗೋ, ಹರಳುಗಳ ನಡುವಿನ ಗಡಿಗೋ, ಪರಮಾಣು ಸಾಲುಗಳು ಮುರಿದ ಜಾಗಕ್ಕೋ ನಡೆದು ಹೋಗಬೇಕು. ಕ್ಷಣಾರ್ಧದಲ್ಲಿ ತಣಿದ ತುಂಡಿನಲ್ಲಿ ಅದಕ್ಕೆ ಪುರುಸೊತ್ತಿಲ್ಲ. 530 ಡಿಗ್ರಿಯಲ್ಲಿದ್ದ ಖಾಲಿ ಸ್ಥಾನಗಳ ಗಣನೀಯ ಭಾಗ ತಣ್ಣಗಿನ ಲೋಹದಲ್ಲಿಯೇ ಸಿಕ್ಕಿಬೀಳುತ್ತದೆ. ಮೆಗ್ನೀಷಿಯಂ, ಸಿಲಿಕಾನ್ ಪರಮಾಣುಗಳು ಜಾಗ ಬದಲಿಸುವುದು ಪಕ್ಕದ ಖಾಲಿ ಸ್ಥಾನಕ್ಕೆ ಜಿಗಿಯುವುದರ ಮೂಲಕವೇ ಆದ್ದರಿಂದ, ಹೀಗೆ ಉಳಿದ ಸ್ಥಾನಗಳಿಂದಾಗಿ ಅವು ತಂಪಾದ ಲೋಹದಲ್ಲಿಯೂ ಚಲಿಸಿ ಒಂದೆಡೆ ಸೇರಿ, ಲೋಹವನ್ನು ಗಟ್ಟಿಗೊಳಿಸುವ ಅತಿ ಸಣ್ಣ ಗುಂಪುಗಳಾಗುತ್ತವೆ. ಗಾಳಿಯಲ್ಲಿ ನಿಧಾನವಾಗಿ ಆರಿದ ತುಂಡಿನಲ್ಲಿ ಖಾಲಿ ಸ್ಥಾನಗಳ ಸಂಖ್ಯೆ ಇಳಿಯುತ್ತಲೇ ಬಂದಿರುತ್ತದೆ. ಆಮೇಲೆ ಅದನ್ನು 170 ಡಿಗ್ರಿಯ ಓವನ್‌ನಲ್ಲಿ ಗಂಟೆಗಟ್ಟಲೆ ಇಟ್ಟರೂ ಅದೇ ಗಡಸುತನ ಬರುವುದಿಲ್ಲ.