ಸ್ಮಾಲ್ ಕ್ಯಾಪ್ ಜಾಸ್ತಿ ಕುಣಿಯುತ್ತದೆ, ಟ್ರೇಡಿಂಗ್‌ಗೆ ಅದೇ ಒಳ್ಳೆಯದಲ್ವಾ?

ಪ್ರಶ್ನೆ: ಲಾರ್ಜ್ ಕ್ಯಾಪ್ ಷೇರು ದಿನಕ್ಕೆ ಶೇ 1ರಷ್ಟು ಏರಿದರೆ ಹೆಚ್ಚು. ಸ್ಮಾಲ್ ಕ್ಯಾಪ್ ಸಲೀಸಾಗಿ ಶೇ 3 ಏರುತ್ತದೆ. ಕೊಂಡು ಅದೇ ದಿನ ಮಾರುವವರಿಗೆ ಸ್ಮಾಲ್ ಕ್ಯಾಪ್‌ನಲ್ಲೇ ಲಾಭ ಜಾಸ್ತಿ ಸಿಗಬೇಕಲ್ಲ?

ಉತ್ತರ: ಚಾರ್ಟ್ ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಚಾರ್ಟ್‌ನಲ್ಲಿ ಕಾಣುವುದು ಕೊನೆಯ ವ್ಯವಹಾರದ ಬೆಲೆ ಮಾತ್ರ. ಆ ಬೆಲೆಗೆ ಕೈ ಬದಲಾಗಿದ್ದು ಹತ್ತೇ ಷೇರು ಇರಬಹುದು. ನಿಮಗೆ ಬೇಕಾದಷ್ಟು ಷೇರು ಯಾವ ಬೆಲೆಗೆ ಸಿಗುತ್ತದೆ ಎಂದು ತಿಳಿಯಬೇಕಾದರೆ ಆರ್ಡರ್ ಬುಕ್, ಅಂದರೆ ಯಾವ ಬೆಲೆಗೆ ಎಷ್ಟು ಷೇರು ಕೊಳ್ಳಲು, ಮಾರಲು ಜನ ಕಾದಿದ್ದಾರೆ ಎಂಬ ಪಟ್ಟಿ ನೋಡಬೇಕು.

ಒಂದು ಲೆಕ್ಕ ಹಾಕೋಣ. ಒಂದು ಸ್ಮಾಲ್ ಕ್ಯಾಪ್ ಷೇರಿನ ಬೆಲೆ 100ರ ಆಸುಪಾಸಿನಲ್ಲಿದೆ, ನಿಮಗೆ 1,000 ಷೇರು ಬೇಕು ಎಂದುಕೊಳ್ಳಿ. ಮಾರುವವರ ಸಾಲಿನಲ್ಲಿ 100.50ಕ್ಕೆ 200 ಷೇರು ಇದೆ. ಆಮೇಲೆ 100.80ಕ್ಕೆ 300, 101.20ಕ್ಕೆ 250, 102ಕ್ಕೆ 250. ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಹಾಕಿದರೆ ಈ ಮೆಟ್ಟಿಲುಗಳನ್ನೆಲ್ಲ ಹತ್ತಲೇಬೇಕು. ಸರಾಸರಿ 101.14 ಬೀಳುತ್ತದೆ. ಕೊಳ್ಳುವವರ ಸಾಲೂ ಇಷ್ಟೇ ತೆಳ್ಳಗಿದ್ದು, ತಕ್ಷಣ ಮಾರಿದರೆ ಸರಾಸರಿ 98.86 ಸಿಗುತ್ತದೆ ಎಂದಿಟ್ಟುಕೊಳ್ಳಿ. ಕಂಪನಿಯಲ್ಲಿ ಏನೂ ಬದಲಾಗಿಲ್ಲ, ಆದರೂ ಪ್ರತಿ ಷೇರಿಗೆ 2.28 ಹೋಯಿತು. ಇದಕ್ಕೆ ಇಂಪ್ಯಾಕ್ಟ್ ಕಾಸ್ಟ್ ಎನ್ನುತ್ತಾರೆ. ಬ್ರೋಕರ್ ಕಳಿಸುವ ಬಿಲ್ಲಿನಲ್ಲಿ ಇದು ಕಾಣುವುದೇ ಇಲ್ಲ.

ಅದೇ 100ರ ಲಾರ್ಜ್ ಕ್ಯಾಪ್ ಷೇರಿನಲ್ಲಿ 99.95ಕ್ಕೆ ಕೊಳ್ಳುವವರು, 100.05ಕ್ಕೆ ಮಾರುವವರು ಸಾವಿರಗಟ್ಟಲೆ ಷೇರು ಇಟ್ಟುಕೊಂಡು ಕೂತಿರುತ್ತಾರೆ. ನಿಮ್ಮ ಆರ್ಡರ್ ಮೊದಲ ಮೆಟ್ಟಿಲಲ್ಲೇ ಮುಗಿಯುತ್ತದೆ. ಹೋಗಿಬರುವ ಖರ್ಚು ಷೇರಿಗೆ 10 ಪೈಸೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸ್ಮಾಲ್ ಕ್ಯಾಪ್ ಶೇ 3 ಏರಿತು. ಕೊಳ್ಳುವವರ ಸಾಲೂ ಅಷ್ಟೇ ಮೇಲೆ ಬಂತು ಎಂದರೆ ನಿಮಗೆ ಸುಮಾರು 101.83 ಸಿಗುತ್ತದೆ. ಕೊಂಡದ್ದು 101.14ಕ್ಕೆ. ಉಳಿದದ್ದು 69 ಪೈಸೆ. ಲಾರ್ಜ್ ಕ್ಯಾಪ್ ಬರೀ ಶೇ 1 ಏರಿದರೂ 100.05ಕ್ಕೆ ಕೊಂಡದ್ದನ್ನು 100.95ಕ್ಕೆ ಮಾರಬಹುದು. ಅಲ್ಲಿ 90 ಪೈಸೆ ಉಳಿಯಿತು!

ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಬೆಲೆ ಗೊತ್ತುಮಾಡಿ ಲಿಮಿಟ್ ಆರ್ಡರ್ ಹಾಕಿದರೆ ಆಯ್ತಲ್ಲ ಅನ್ನಬಹುದು. ಹಾಕಿ, ಸ್ಮಾಲ್ ಕ್ಯಾಪ್‌ನಲ್ಲಿ ಹಾಕಲೇಬೇಕು. ಆದರೆ ಅದರಲ್ಲೂ ಒಂದು ಕೊಕ್ಕೆ ಇದೆ. ಬೆಲೆ ಓಡಿಹೋದರೆ ನಿಮ್ಮ ಆರ್ಡರ್ ಹಾಗೇ ನಿಂತಿರುತ್ತದೆ. ಬೆಲೆ ಕುಸಿಯುವಾಗ ಮಾತ್ರ ಪೂರ್ತಿ ಸಿಗುತ್ತದೆ. ಬೇಡದ ದಿನವೇ ಷೇರು ಕೈಗೆ ಬರುತ್ತದೆ ಅಂತ ಟ್ರೇಡರ್‌ಗಳು ಗೊಣಗುವುದು ಸುಮ್ನೆ ಅಲ್ಲ.

ಇನ್ನೂ ಕಷ್ಟ ಇರುವುದು ಹೊರಬರುವಾಗ. ಸ್ಮಾಲ್ ಕ್ಯಾಪ್‌ನ ಕುಣಿತಕ್ಕೆ ಅರ್ಧ ಕಾರಣವೇ ಈ ತೆಳು ಸಾಲು. ಯಾರೋ ಒಬ್ಬರು ಸ್ವಲ್ಪ ದೊಡ್ಡದಾಗಿ ಮಾರಿದರೂ ಬೆಲೆ ಜಾರುತ್ತದೆ. ಕೆಟ್ಟ ಸುದ್ದಿ ಬಂದ ದಿನ ಕೊಳ್ಳುವವರು ಆರ್ಡರ್ ಹಿಂತೆಗೆದುಕೊಳ್ಳುತ್ತಾರೆ. 97ಕ್ಕೆ ಸ್ಟಾಪ್ ಲಾಸ್ ಇಟ್ಟಿರುತ್ತೀರಿ, ಆದರೆ 97ರಲ್ಲಿ ಯಾರೂ ಇರುವುದಿಲ್ಲ. ಸ್ಟಾಪ್ ಲಾಸ್ ಮಾರ್ಕೆಟ್ ಆರ್ಡರ್ ಆಗಿದ್ದರೆ 93ಕ್ಕೋ 92ಕ್ಕೋ ಮಾರಾಟವಾಗುತ್ತದೆ. ದಿನದ ಬೆಲೆಗೆ ಮಿತಿ ಇರುವ ಮಾರುಕಟ್ಟೆಯಲ್ಲಿ ಲೋವರ್ ಸರ್ಕ್ಯೂಟ್ ಬಿದ್ದರೆ ಅದೂ ಆಗದೆ ನಾಳೆಗೆ ಕಾಯಬೇಕಾಗಬಹುದು.

ಮಿಡ್ ಕ್ಯಾಪ್ ನಡುವೆ ಬರುತ್ತದೆ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಆ ಗುಂಪಿನೊಳಗೇ ಬಹಳ ವ್ಯತ್ಯಾಸ ಇದೆ. ಕೆಲವು ಷೇರುಗಳಲ್ಲಿ ಲಾರ್ಜ್ ಕ್ಯಾಪ್‌ನಷ್ಟೇ ವ್ಯವಹಾರ ನಡೆಯುತ್ತದೆ. ಇನ್ನು ಕೆಲವು ದೊಡ್ಡ ಕಂಪನಿಗಳಲ್ಲಿ ಹೆಚ್ಚಿನ ಷೇರು ಪ್ರವರ್ತಕರ ಕೈಯಲ್ಲೇ ಇದ್ದು, ಪೇಟೆಗೆ ಬರುವುದು ಸ್ವಲ್ಪವೇ. ಕ್ಯಾಪ್ ಅನ್ನುವುದು ಕಂಪನಿಯ ಒಟ್ಟು ಮೌಲ್ಯ ಎಷ್ಟು ಎಂದು ಹೇಳುತ್ತದೆ, ಷೇರು ಎಷ್ಟು ಸುಲಭವಾಗಿ ಕೈ ಬದಲಿಸುತ್ತದೆ ಎಂದಲ್ಲ.

ಹಾಗಾಗಿ ಹಣೆಪಟ್ಟಿ ಬಿಟ್ಟು, ಕಳೆದ 20 ದಿನಗಳಲ್ಲಿ ದಿನಕ್ಕೆ ಸರಾಸರಿ ಎಷ್ಟು ಹಣದ ವ್ಯವಹಾರ ನಡೆದಿದೆ ನೋಡಿ. ಒಂದೇ ದಿನ ವಾಲ್ಯೂಮ್ ಹತ್ತು ಪಟ್ಟು ಏರಿದ್ದರೆ ಆ ದಿನವನ್ನು ಲೆಕ್ಕದಿಂದ ತೆಗೆಯಿರಿ. ನಿಮ್ಮ ಆರ್ಡರ್ ಆ ಸರಾಸರಿಯ ಶೇ 1ನ್ನು ದಾಟದಿರಲಿ, ಇದು ನಾನು ಇಟ್ಟುಕೊಂಡಿರುವ ಗೆರೆ. ಅದೇ ದಿನ ಮುಗಿಸುವ ಟ್ರೇಡಿಂಗ್‌ಗೆ ನಾನು ಲಾರ್ಜ್ ಕ್ಯಾಪ್ ಮತ್ತು ಚೆನ್ನಾಗಿ ಓಡಾಡುವ ಮಿಡ್ ಕ್ಯಾಪ್ ಬಿಟ್ಟು ಆಚೆ ಹೋಗುವುದಿಲ್ಲ. ಸ್ಮಾಲ್ ಕ್ಯಾಪ್ ಬೇಕೇ ಬೇಕು ಎಂದರೆ ಕೆಲವು ವಾರ ಇಟ್ಟುಕೊಳ್ಳುವ ಲೆಕ್ಕದಲ್ಲಿ, ಸಾಲದ ಹಣ ಹಾಕದೆ ಕೊಳ್ಳಿ. ನಿರೀಕ್ಷಿಸುವ ಏರಿಕೆ ಶೇ 15ರಷ್ಟಿದ್ದರೆ ಆ 2.28 ಅಷ್ಟಾಗಿ ಕಚ್ಚುವುದಿಲ್ಲ.