ಕಟ್ಟಡ ಕೆಲಸದವನ ಕೂಲಿ ನಿಜಕ್ಕೂ ಎಷ್ಟಿತ್ತು? ಏಳು ಶತಮಾನಗಳ ಒಂದು ರೇಖೆಯ ಹಿನ್ನೆಲೆ

ಕೈಗಾರಿಕಾ ಕ್ರಾಂತಿ ಇಂಗ್ಲೆಂಡಿನಲ್ಲೇ ಏಕೆ ಮೊದಲಾಯಿತು ಎಂಬ ಚರ್ಚೆ ಕಳೆದ ಕೆಲವು ವರ್ಷಗಳಲ್ಲಿ ಒಂದು ವಿಚಿತ್ರ ಜಾಗಕ್ಕೆ ಬಂದು ನಿಂತಿದೆ. ಲಂಡನ್ನಿನ ಗಾರೆ ಕೆಲಸದವನ ಕೈಗೆ ದಿನಕ್ಕೆ ಎಷ್ಟು ಕಾಸು ಬರುತ್ತಿತ್ತು? ಅವನು ವರ್ಷಕ್ಕೆ ಎಷ್ಟು ದಿನ ದುಡಿಯುತ್ತಿದ್ದ? ಇವೆರಡು ಪ್ರಶ್ನೆಗಳಿಗೆ ಕೊಡುವ ಉತ್ತರದ ಮೇಲೆ ದೊಡ್ಡ ದೊಡ್ಡ ಸಿದ್ಧಾಂತಗಳು ನಿಂತಿವೆ. ಇಲ್ಲಿಗೆ ಬಂದದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳೆಯ ಲೆಕ್ಕದ ಪುಸ್ತಕಗಳಿಂದ ಬೆಲೆ ಮತ್ತು ಕೂಲಿಗಳನ್ನು ಹೆಕ್ಕುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಆಕ್ಸ್‌ಫರ್ಡಿನ ಥೊರಾಲ್ಡ್ ರೋಜರ್ಸ್. ಅವರ ಸಂಪುಟಗಳು 1866ರಿಂದ ಹೊರಬಂದವು. 1930ರ ದಶಕದಲ್ಲಿ ಹಲವು ದೇಶಗಳ ವಿದ್ವಾಂಸರು ಸೇರಿ ಅದನ್ನೇ ಯೋಜನೆಯಾಗಿ ಕೈಗೆತ್ತಿಕೊಂಡರು. 1950ರ ದಶಕದ ನಡುವೆ ಹೆನ್ರಿ ಫೆಲ್ಪ್ಸ್ ಬ್ರೌನ್ ಮತ್ತು ಶೀಲಾ ಹಾಪ್ಕಿನ್ಸ್ ಈ ರಾಶಿಯನ್ನೆಲ್ಲ ಸೋಸಿ, ದಕ್ಷಿಣ ಇಂಗ್ಲೆಂಡಿನ ಕಟ್ಟಡ ಕೆಲಸಗಾರರ ಕೂಲಿಯನ್ನು ಏಳು ಶತಮಾನಗಳ ಉದ್ದಕ್ಕೆ ಒಂದೇ ರೇಖೆಯಾಗಿ ಎಳೆದರು. ಆ ರೇಖೆ ಹತ್ತಾರು ಪುಸ್ತಕಗಳಿಗೆ ಹೋಯಿತು. ಅದನ್ನು ಎಳೆದವರು ಜೊತೆಯಲ್ಲೇ ಬರೆದಿಟ್ಟ ಎಚ್ಚರಿಕೆಗಳು ಅಷ್ಟು ದೂರ ಹೋಗಲಿಲ್ಲ.

ಕಟ್ಟಡ ಕೆಲಸಗಾರರೇ ಏಕೆ ಎಂದರೆ, ಅವರ ಕೂಲಿಯ ದಾಖಲೆ ಉಳಿದಿದೆ, ಅಷ್ಟೆ. ಕಾಲೇಜು, ಚರ್ಚಿನಂಥ ಸಂಸ್ಥೆಗಳು ಶತಮಾನಗಟ್ಟಲೆ ಲೆಕ್ಕ ಬರೆದಿಟ್ಟವು, ರಿಪೇರಿ ಮಾಡಿಸುತ್ತಲೇ ಇದ್ದವು. ಹೊಲದಲ್ಲಿ ದುಡಿದವರು, ಮನೆಗೆಲಸದವರು, ನೂಲು ತೆಗೆದ ಹೆಂಗಸರು ಸಂಖ್ಯೆಯಲ್ಲಿ ಎಷ್ಟೋ ಹೆಚ್ಚಿದ್ದರೂ ಅವರ ದುಡಿಮೆಗೆ ಇಂಥ ಎಡೆಬಿಡದ ದಾಖಲೆ ಇಲ್ಲ. ಬಡಗಿ, ಕಲ್ಲುಕುಟಿಗರ ಕೂಲಿ ಇಡೀ ದೇಶದ ಜೀವನಮಟ್ಟದ ಅಳತೆಗೋಲಾದದ್ದು ಹೀಗೆ.

ರೇಖೆ ತಯಾರಾಗುವ ಬಗೆಯನ್ನು ಒಂದು ವರ್ಷ ಹಿಡಿದು ನೋಡೋಣ. 1451ರಿಂದ 1475ರವರೆಗಿನ ಸರಾಸರಿಯನ್ನು ಅವರು 100 ಎಂದು ಇಟ್ಟುಕೊಂಡರು. ಆಗ ಕುಶಲಕರ್ಮಿಯ ದಿನಗೂಲಿ 6 ಪೆನ್ಸ್. 16ನೇ ಶತಮಾನದ ಕೊನೆಗೆ ಅದು 12 ಪೆನ್ಸ್ ಆಗಿತ್ತು, ಅಂದರೆ ಕೂಲಿಯ ಸೂಚ್ಯಂಕ 200. ಸಾಲಾಗಿ ಕೆಲವು ವರ್ಷ ಬೆಳೆ ಕೈಕೊಟ್ಟ ಮೇಲೆ ಬಂದ 1597ರಲ್ಲಿ ಬೆಲೆಗಳ ಸೂಚ್ಯಂಕ 685ಕ್ಕೆ ಏರಿತ್ತು. 200ನ್ನು 685ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು 29. ಮುತ್ತಜ್ಜನ ದಿನಗೂಲಿಗೆ ಸಿಗುತ್ತಿದ್ದುದರಲ್ಲಿ ಮೂರನೇ ಒಂದು ಪಾಲೂ ಮರಿಮಗನಿಗೆ ಸಿಗಲಿಲ್ಲ ಎಂದಾಯಿತು. ಇಡೀ ಏಳು ಶತಮಾನಗಳಲ್ಲಿ ಇದಕ್ಕಿಂತ ಕೆಟ್ಟ ವರ್ಷವಿಲ್ಲ.

ಗಣಿತದಲ್ಲಿ ತಪ್ಪಿಲ್ಲ. ಆದರೆ 29 ಎಂಬುದನ್ನು ಅಕ್ಷರಶಃ ತೆಗೆದುಕೊಂಡರೆ ಆ ಕುಟುಂಬಗಳು ಉಳಿದದ್ದೇ ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಆ ವರ್ಷಗಳಲ್ಲಿ ಇಂಗ್ಲೆಂಡಿನ ಕೆಲವು ಭಾಗಗಳಲ್ಲಿ ಜನ ಹಸಿವಿನಿಂದ ಸತ್ತದ್ದು ನಿಜ, ಸಂಕಟ ಸುಳ್ಳಲ್ಲ. ಅದರ ಪ್ರಮಾಣವನ್ನು ಮಾತ್ರ ಈ ಸಂಖ್ಯೆ ಹಿಗ್ಗಿಸುತ್ತದೆ. ಬೆಲೆಯ ಬುಟ್ಟಿಯಲ್ಲಿ ಧಾನ್ಯಕ್ಕೆ, ಮಾಂಸಕ್ಕೆ, ಬೆಣ್ಣೆಗೆ, ಪಾನೀಯಕ್ಕೆ ಇಂತಿಷ್ಟು ಎಂದು ಪಾಲು ಗೊತ್ತುಮಾಡಿ, ಅದನ್ನೇ ಎಲ್ಲ ಕಾಲಕ್ಕೂ ಬಳಸಲಾಗಿತ್ತು. ಗೋಧಿ ಕೈಗೆಟುಕದಾದಾಗ ಜನ ಬಾರ್ಲಿಗೆ, ಬಟಾಣಿಗೆ ಇಳಿಯುತ್ತಾರೆ, ಮಾಂಸ ಬಿಡುತ್ತಾರೆ. ಬುಟ್ಟಿ ಮಾತ್ರ ಬದಲಾಗುವುದಿಲ್ಲ. ಮನೆ ಬಾಡಿಗೆಗೆ ಅದರಲ್ಲಿ ಜಾಗವೇ ಇರಲಿಲ್ಲ. ತುಂಡು ಹೊಲ, ಒಂದು ಹಸು, ಹೆಂಡತಿ ಮಕ್ಕಳ ಗಳಿಕೆ, ಕೆಲಸದ ಜಾಗದಲ್ಲಿ ಸಿಕ್ಕ ಊಟ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಡೊನಾಲ್ಡ್ ವುಡ್‌ವರ್ಡ್ 1981ರಲ್ಲೇ ತೋರಿಸಿದಂತೆ, ಈ ಕುಶಲಕರ್ಮಿಗಳಲ್ಲಿ ಅನೇಕರು ಕೂಲಿಯನ್ನೇ ನಂಬಿ ಬದುಕಿದವರಲ್ಲ. ಸಾಮಗ್ರಿ ಪೂರೈಸುತ್ತಿದ್ದರು, ಬೇರೆ ಕಸುಬನ್ನೂ ಇಟ್ಟುಕೊಂಡಿದ್ದರು.

2001ರಲ್ಲಿ ರಾಬರ್ಟ್ ಆಲನ್ ಈ ದಾರಿಯನ್ನು ಬಹುಮಟ್ಟಿಗೆ ದುರಸ್ತಿ ಮಾಡಿದರು. ಯೂರೋಪಿನ ಬೇರೆ ಬೇರೆ ನಗರಗಳ ಕೂಲಿಯನ್ನು ಗ್ರಾಂ ಬೆಳ್ಳಿಗೆ ತಿರುಗಿಸಿ, ಒಂದು ಕುಟುಂಬದ ವರ್ಷದ ಖರ್ಚನ್ನು ಆ ಗಳಿಕೆ ಎಷ್ಟು ಪಟ್ಟು ಭರಿಸುತ್ತದೆ ಎಂದು ಅಳೆದರು. ಲಂಡನ್ ಮತ್ತು ನೆದರ್ಲೆಂಡ್ಸ್ ಮೇಲೆ ಉಳಿದವು, ಉಳಿದ ಯೂರೋಪು ಕೆಳಗಿಳಿಯಿತು. ಇದರ ಮೇಲೆಯೇ ಅವರ ಪ್ರಸಿದ್ಧ ವಾದ ನಿಂತದ್ದು: ಬ್ರಿಟನ್ನಿನಲ್ಲಿ ದುಡಿಮೆ ದುಬಾರಿ, ಕಲ್ಲಿದ್ದಲು ಅಗ್ಗ, ಆದ್ದರಿಂದ ಆಳನ್ನು ಉಳಿಸುವ ಯಂತ್ರ ಕಂಡುಹಿಡಿಯುವುದು ಅಲ್ಲಿ ಮಾತ್ರ ಲಾಭದಾಯಕವಾಗಿತ್ತು.

2018ರಲ್ಲಿ ಜೂಡಿ ಸ್ಟೀಫನ್‌ಸನ್ ಕೈಹಾಕಿದ್ದು ಸೂತ್ರಕ್ಕಲ್ಲ, ಮೂಲ ದಾಖಲೆಗೆ. 1650ರ ನಂತರದ ಲಂಡನ್ನಿನ ಸಂಸ್ಥೆಗಳ ಪುಸ್ತಕಗಳಲ್ಲಿ ‘ಇಷ್ಟು ದಿನ, ದಿನಕ್ಕೆ ಇಷ್ಟು’ ಎಂದು ಇರುವುದು ಕೆಲಸಗಾರನಿಗೆ ಕೊಟ್ಟ ಹಣವಲ್ಲ, ಆ ಸಂಸ್ಥೆಗಳಿಗೆ ಗುತ್ತಿಗೆದಾರ ಹಾಕಿದ ಬಿಲ್ಲು ಎಂದು ಅವರು ವಾದಿಸಿದರು. ಆಳು ಹುಡುಕುವ, ಸಲಕರಣೆ ಒದಗಿಸುವ, ಹಣ ಬರುವುದು ತಡವಾದರೆ ತಡೆದುಕೊಳ್ಳುವ ಖರ್ಚೂ ಗುತ್ತಿಗೆದಾರನ ಲಾಭವೂ ಅದರೊಳಗೇ ಸೇರಿವೆ. ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಕಾಮಗಾರಿಯ ದಾಖಲೆಗಳನ್ನೂ ಪರಿಶೀಲಿಸಿದ ಅವರಿಗೆ ಕಂಡದ್ದು, ಕೈಗೆ ಬಂದ ಕೂಲಿ ನಾವು ನಂಬಿದ್ದಕ್ಕಿಂತ ಶೇ. 20ರಿಂದ 30ರಷ್ಟು ಕಡಿಮೆ ಎಂದು. ಹಾಗಾದರೆ ಲಂಡನ್ನಿನ ಕೂಲಿಯ ಎತ್ತರ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಆಲನ್ 2019ರಲ್ಲಿ ಇದಕ್ಕೆ ಉತ್ತರ ಬರೆದು ತಮ್ಮ ನಿಲುವನ್ನು ಸಮರ್ಥಿಸಿಕೊಂಡರು.

ಲೆಕ್ಕದ ಒಂದು ಸಾಲು ಬಿಲ್ಲೋ ಕೂಲಿಯೋ ಎಂದು ತಿಳಿಯುವುದು ಹೇಗೆ? ಹಣ ಪಡೆದವನ ಹೆಸರು ಒಂದೇ ಇದ್ದು ದುಡಿದವರು ಹಲವರಾಗಿದ್ದರೆ ಅನುಮಾನ ಪಡಬೇಕು. ತಂಡದ ಎಲ್ಲರಿಗೂ ಒಂದೇ ದರವಿದ್ದು ಅದು ವರ್ಷಗಟ್ಟಲೆ ಅಲುಗದಿದ್ದರೂ ಅನುಮಾನ ಪಡಬೇಕು; ನಿಜವಾದ ಕೂಲಿ ಪಟ್ಟಿಯಲ್ಲಿ ಅನುಭವಿಗೂ ಹೊಸಬನಿಗೂ ವ್ಯತ್ಯಾಸ ಕಾಣುತ್ತದೆ. ಇದೇ ಪರೀಕ್ಷೆಯನ್ನು ಯೂರೋಪಿನ ಬೇರೆ ನಗರಗಳ ದಾಖಲೆಗೂ ಒಡ್ಡಬೇಕು ಎಂಬುದನ್ನು ಚರ್ಚೆಯ ಬಿಸಿಯಲ್ಲಿ ಮರೆಯುವ ಅಪಾಯವಿದೆ. ಅಲ್ಲಿನ ಅಂಕಿಗಳಲ್ಲೂ ಗುತ್ತಿಗೆದಾರನ ಪಾಲು ಅಡಗಿದ್ದರೆ, ಲಂಡನ್ನಿನದ್ದನ್ನು ಮಾತ್ರ ಕಳೆಯುವುದು ಹೊಸ ತಪ್ಪಾಗುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ತೊಡಕು ಇರುವುದು ದಿನಗಳ ಎಣಿಕೆಯಲ್ಲಿ. ದಿನಗೂಲಿಯಿಂದ ವರ್ಷದ ಆದಾಯ ಕಟ್ಟಲು ಆಲನ್ 250 ದಿನ ಎಂದು ಹಿಡಿದರು. ಆಗ 12 ಪೆನ್ಸಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್; 12 ಪೆನ್ಸ್ ಕೂಲಿಗೆ ಅದು 12 ಪೌಂಡ್ 10 ಶಿಲಿಂಗ್. ಆದರೆ ಮಳೆ, ಚಳಿ, ಕೆಲಸದ ಅಭಾವದಿಂದ 180 ದಿನ ಮಾತ್ರ ಸಿಕ್ಕಿದ್ದರೆ 9 ಪೌಂಡ್; 300 ದಿನ ದುಡಿದಿದ್ದರೆ 15 ಪೌಂಡ್. ಕೂಲಿ ದರವನ್ನು ಎಷ್ಟೇ ನಿಖರವಾಗಿ ಹೆಕ್ಕಿದರೂ ಈ ಒಂದು ಊಹೆ ಉತ್ತರವನ್ನು ಇಷ್ಟು ದೂರ ಎಳೆಯಬಲ್ಲದು. 16ನೇ ಶತಮಾನದ ಕ್ರೈಸ್ತ ಧರ್ಮ ಸುಧಾರಣಾ ಚಳವಳಿ ಸಂತರ ಹಬ್ಬಗಳ ರಜೆಗಳನ್ನು ಕಡಿತಗೊಳಿಸಿದ ಮೇಲೂ ಅದಕ್ಕೆ ಮೊದಲೂ ಒಂದೇ 250 ಹೊಂದುತ್ತದೆ ಎನ್ನುವುದು ಕಷ್ಟ.

ಇದನ್ನು ಸುತ್ತುದಾರಿಯಲ್ಲಿ ಹಿಡಿಯುವ ಪ್ರಯತ್ನಗಳು ನಡೆದಿವೆ. ಹಾನ್ಸ್-ಯೋಆಕಿಮ್ ಫೋತ್ ಲಂಡನ್ನಿನ ನ್ಯಾಯಾಲಯದಲ್ಲಿ ಸಾಕ್ಷಿಗಳು ಕೊಟ್ಟ ಹೇಳಿಕೆಗಳನ್ನು ಓದಿದರು. ಅಪರಾಧ ನಡೆದ ಹೊತ್ತಿನಲ್ಲಿ ಯಾರು ಕೆಲಸದಲ್ಲಿದ್ದರು, ಯಾರು ಇರಲಿಲ್ಲ ಎಂಬುದನ್ನು ಕೂಡಿಸಿ ನೋಡಿದಾಗ, 18ನೇ ಶತಮಾನದ ಉತ್ತರಾರ್ಧದಲ್ಲಿ ದುಡಿಮೆಯ ಅವಧಿ ಏರಿದ್ದು ಕಂಡಿತು. ಜೇನ್ ಹಂಫ್ರೀಸ್ ಮತ್ತು ಯಾಕೋಬ್ ವೈಸ್‌ಡಾರ್ಫ್ ವರ್ಷದ ಕರಾರಿಗೆ ಸೇರಿದ ಆಳುಗಳ ಸಂಬಳವನ್ನು ಸಂಗ್ರಹಿಸಿ, ಅವರಿಗೆ ಕೊಟ್ಟ ಊಟ ವಸತಿಗೂ ಬೆಲೆ ಕಟ್ಟಿ, 2019ರಲ್ಲಿ ಹೊಸ ಸರಣಿಯನ್ನು ಪ್ರಕಟಿಸಿದರು. ವರ್ಷದ ಸಂಬಳ ನೇರವಾಗಿ ಸಿಕ್ಕರೆ ದಿನಗಳನ್ನು ಊಹಿಸುವ ಅಗತ್ಯವೇ ಇಲ್ಲ. ಅದನ್ನು ದಿನಗೂಲಿಯಿಂದ ಭಾಗಿಸಿದರೆ ದಿನಗಳ ಅಂದಾಜೂ ಸಿಗುತ್ತದೆ. ಆದರೆ ಊಟ ವಸತಿಯ ಬೆಲೆ ಲೆಕ್ಕ ಹಾಕುವಾಗ ಮತ್ತೆ ಒಂದು ಬುಟ್ಟಿ ಬೇಕು. ಭಾಗಿಸಲು ಬಳಸುವ ದಿನಗೂಲಿಯಾದರೂ ಕೈಗೆ ಬಂದದ್ದೋ ಬಿಲ್ಲಿನದ್ದೋ ಎಂಬುದನ್ನು ಪ್ರತಿ ಊರಿಗೂ ಪ್ರತಿ ಕಾಲಕ್ಕೂ ಬೇರೆಬೇರೆಯಾಗಿ ನೋಡಬೇಕು.