ಪಂಪಿಗೆ ಬಗ್ಗದ ದಮ್ಮು

ಯಾದಗಿರಿ ಕಡೆಯ ಒಬ್ಬ ರೈತ ಎಂದಿಟ್ಟುಕೊಳ್ಳಿ, ವಯಸ್ಸು 35. ಹತ್ತಿಗೆ ಎಣ್ಣೆ ಹೊಡೆಯುವಾಗ ವಿಷವೇರಿ, ಕಲಬುರಗಿಯ ಐಸಿಯುನಲ್ಲಿ 12 ದಿನ ವೆಂಟಿಲೇಟರ್ ಮೇಲಿದ್ದು ಬದುಕಿ ಬಂದ. ಐದು ವಾರದ ಮೇಲೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು. ಊರ ಡಾಕ್ಟರು ಎದೆಯ ಎಕ್ಸ್-ರೇ ನೋಡಿದರು, ಸರಿಯಾಗಿಯೇ ಇತ್ತು. ಅಸ್ತಮಾ ಎಂದು ಪಂಪ್ ಬರೆದುಕೊಟ್ಟರು. ಹದಿನೈದು ದಿನಕ್ಕೆ ಮತ್ತೆ ಅದೇ ಮಾತು: “ದಮ್ಮು ಬರ್ತದ್ರಿ ಸರ್, ಪಂಪ್ ಹೊಡ್ಕೊಂಡ್ರೂ ಕಡಿಮಿ ಆಗವಲ್ದು.”

ಈ ಮಾತು ಕೇಳಿದಾಗ ಸ್ಟೆತಸ್ಕೋಪನ್ನು ಎದೆಯಿಂದ ತೆಗೆದು ಕುತ್ತಿಗೆಯ ಮೇಲಿಡಬೇಕು. ಅಸ್ತಮಾದಲ್ಲಿ ಸಣ್ಣ ನಾಳಗಳೆಲ್ಲ ಬಿಗಿದಿರುವುದರಿಂದ ಎದೆಯ ತುಂಬ ಬೇರೆ ಬೇರೆ ಶ್ರುತಿಯ ಸಿಳ್ಳೆಗಳು ಕೇಳುತ್ತವೆ, ಅದೂ ಹೆಚ್ಚಾಗಿ ಉಸಿರು ಬಿಡುವಾಗ. ಇಲ್ಲಿ ಕೇಳುವುದು ಒಂದೇ ಗಡುಸಾದ ದನಿ. ಕುತ್ತಿಗೆಯ ಮೇಲೆ ಅದು ಅತಿ ಜೋರು, ಬರಬರುತ್ತ ಮಂಚದ ಪಕ್ಕ ನಿಂತವರಿಗೂ ಕೇಳುತ್ತದೆ. ಇದೇ ಸ್ಟ್ರೈಡರ್. ತೊಡಕು ಧ್ವನಿಪೆಟ್ಟಿಗೆಯಲ್ಲೋ ಅದರ ಮೇಲೋ ಇದ್ದರೆ ಸದ್ದು ಉಸಿರು ಎಳೆಯುವಾಗ ಬರುತ್ತದೆ. ಅದರ ಕೆಳಗೆ ಗಟ್ಟಿ ಉಂಗುರದಂತೆ ಕೂತಿದ್ದರೆ ಎಳೆಯುವಾಗಲೂ ಬಿಡುವಾಗಲೂ ಬರುತ್ತದೆ.

ದೊಡ್ಡವರಲ್ಲಿ ಈ ಸದ್ದಿಗೆ ಬೇರೆ ಕಾರಣಗಳೂ ಉಂಟು. ಬೀಡಿ ಸೇದುವವರಲ್ಲಿ ವಾರಗಟ್ಟಲೆ ದನಿ ಒಡೆದು ಆಮೇಲೆ ಸದ್ದು ಶುರುವಾದರೆ ಗಂಟಲಿನ ಕ್ಯಾನ್ಸರ್ ನೆನಪಾಗಬೇಕು. ಕೆಳದವಡೆಯ ಹುಳುಕು ಹಲ್ಲಿನಿಂದ ಗದ್ದದಡಿ ಬಾವು ಬಂದು ನಾಲಿಗೆ ಮೇಲೆದ್ದಿರಬಹುದು. ಎನಾಲಪ್ರಿಲ್‌ನಂಥ ಬಿಪಿ ಗುಳಿಗೆಯಿಂದ ನಾಲಿಗೆ, ಗಂಟಲು ಊದಿರಬಹುದು. ಆದರೆ ವೆಂಟಿಲೇಟರಿನಿಂದ ಬಂದವರಲ್ಲಿ, ಬೇರೆಯದು ಸಾಬೀತಾಗುವ ತನಕ, ಶ್ವಾಸನಾಳ ಕಿರಿದಾಗಿದೆ ಎಂದೇ ಹಿಡಿಯುವುದು ಒಳ್ಳೆಯದು.

ವೆಂಟಿಲೇಟರಿಗೆಂದು ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸುವ ಟ್ಯೂಬಿನ ತುದಿಯಲ್ಲಿ ಗಾಳಿ ತುಂಬುವ ಒಂದು ಬಲೂನ್ ಇರುತ್ತದೆ. ಅದರ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟಿರಬೇಕು. ಬೆರಳಲ್ಲಿ ಒತ್ತಿ ನೋಡಿದರೆ ಅಂದಾಜು ಸಿಗುವುದಿಲ್ಲ, ಮಾಪಕವೇ ಬೇಕು. ಒತ್ತಡ ಅದನ್ನು ಮೀರಿದರೆ ನಾಳದ ಒಳಪೊರೆಗೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಟ್ಯೂಬ್ ತೆಗೆದ ಮೇಲೆ ಹುಣ್ಣು ಮಾಯುತ್ತ ಕಲೆಗಟ್ಟಿ, ಸುತ್ತಲೂ ಬಿಗಿದುಕೊಳ್ಳುತ್ತದೆ. ಇದಕ್ಕೆ ವಾರಗಳು ಹಿಡಿಯುತ್ತವೆ. ಮನೆಗೆ ಹೋಗುವಾಗ ಚೆನ್ನಾಗಿದ್ದವನು ಈಗ ಏದುಸಿರು ಬಿಡುವುದು ಅದಕ್ಕೇ.

ಗಂಡಸರ ಶ್ವಾಸನಾಳದ ಅಗಲ ಸುಮಾರು 15ರಿಂದ 20 ಮಿ.ಮೀ. ಅದು 8 ಮಿ.ಮೀ.ಗೆ ಇಳಿದರೆ ದುಡಿಯುವಾಗ ದಮ್ಮು, 5ಕ್ಕೆ ಇಳಿದರೆ ಸುಮ್ಮನೆ ಕೂತಾಗಲೂ ಸದ್ದು. ನಾಳದ ಅಗಲ ಅರ್ಧವಾದರೆ ಗಾಳಿಗೆ ತಡೆ ಎರಡಲ್ಲ, ಹದಿನಾರು ಪಟ್ಟು. ಗಾಬರಿಯಲ್ಲಿ ಜೋರಾಗಿ ಎಳೆದರೆ ಗಾಳಿ ಸುಳಿಗಟ್ಟಿ ಇನ್ನೂ ಹೆಚ್ಚು. ಆದ್ದರಿಂದಲೇ 5 ಮಿ.ಮೀ. ನಾಳಕ್ಕೆ ನೆಗಡಿಯ ಒಂದು ಗಟ್ಟಿ ಕಫ ಅಂಟಿದರೆ ಸಾಕು.

ನಮ್ಮ ರೈತನಿಗೂ ಹಾಗೇ ಆಯಿತೆನ್ನಿ. ರಾತ್ರಿ ತಾಲೂಕು ಆಸ್ಪತ್ರೆಗೆ ಬಂದಾಗ ಎರಡು ಕೈ ಮಂಚಕ್ಕೆ ಊರಿ ಮುಂದಕ್ಕೆ ಬಾಗಿ ಕೂತಿದ್ದಾನೆ, ಮಲಗು ಎಂದರೆ ಒಲ್ಲೆ ಎನ್ನುತ್ತಾನೆ. ಎದೆಮೂಳೆಯ ಮೇಲಿನ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಜಗ್ಗುತ್ತಿದೆ. ಒಂದು ಉಸಿರಿಗೆ ಎರಡೇ ಮಾತು. ಬೆರಳಿನ ಆಕ್ಸಿಮೀಟರ್ ಮಾತ್ರ 97 ತೋರಿಸುತ್ತಿದೆ. ಅದನ್ನು ನಂಬಿದರೆ ಕೆಟ್ಟೆವು. ಆಕ್ಸಿಜನ್ ಹಚ್ಚಿದಾಗ ಸಣ್ಣ ಸಂದಿಯಲ್ಲಿ ಹೋದಷ್ಟೂ ರಕ್ತಕ್ಕೆ ಸಾಲುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಹೊರಬೀಳದೆ ಏರುತ್ತಿರುತ್ತದೆ. ಅಂಕಿ ಕುಸಿಯುವುದು ಕಡೆಗೆ. ಅದಕ್ಕಿಂತ ಕೇಡಿನ ಗುರುತೆಂದರೆ ಒದ್ದಾಡುತ್ತಿದ್ದವನು ಮಂಕಾಗಿ ತೂಕಡಿಸುವುದು, ಸದ್ದು ತಾನಾಗಿ ತಗ್ಗುವುದು. ಮನೆಯವರು “ಈಗ ಆರಾಮ ಆಗ್ಯಾನ” ಎನ್ನುತ್ತಾರೆ. ಸದ್ದು ಮಾಡುವಷ್ಟು ಗಾಳಿಯೂ ಆಡುತ್ತಿಲ್ಲ, ಅಷ್ಟೇ.

ಆಗ ಅವನನ್ನು ಕೂತಂತೆಯೇ ಬಿಟ್ಟು ಆಕ್ಸಿಜನ್ ಕೊಡಬೇಕು. ಒಂದು ಮಿ.ಲೀ.ಗೆ ಒಂದು ಮಿ.ಗ್ರಾಂ. ಇರುವ ಅಡ್ರಿನಲಿನ್ 5 ಮಿ.ಲೀ. ನೆಬುಲೈಸರಿನಲ್ಲಿ ಹಾಕಿದರೆ ಕಲೆ ಕರಗದು, ಮೇಲಿನ ಊತ ಸ್ವಲ್ಪ ಹೊತ್ತು ಇಳಿಯುತ್ತದೆ. ಒದ್ದಾಟ ತಡೆಯಲು ನಿದ್ದೆಯ ಇಂಜೆಕ್ಷನ್ ಕೊಡುವುದು, ಸಿಟಿ ಸ್ಕ್ಯಾನಿಗೆಂದು ಅಂಗಾತ ಮಲಗಿಸುವುದು, ಎರಡೂ ಪ್ರಾಣಕ್ಕೆ ಎರವು. ಟ್ಯೂಬ್ ಹಾಕಲು ಹೊರಟವರಿಗೆ ಇನ್ನೊಂದು ಮೋಸ ಕಾದಿರುತ್ತದೆ: ಬಾಯಿಯಿಂದ ನೋಡಿದರೆ ಧ್ವನಿತಂತುಗಳು ಸರಿಯಾಗಿಯೇ ಕಾಣುತ್ತವೆ, ಟ್ಯೂಬ್ ಮಾತ್ರ ಅವುಗಳನ್ನು ದಾಟಿ ಕೆಳಗೆ ಸಿಕ್ಕಿಬೀಳುತ್ತದೆ. ಬಲವಂತ ಮಾಡಿದರೆ ರಕ್ತ, ಊತ, ಪೂರ್ತಿ ಬಂದ್. ಹಾಗಾಗಿ ಸಣ್ಣ ಟ್ಯೂಬ್‌ಗಳು ಕೈಗೆಟುಕುವಂತಿರಬೇಕು. ಇಎನ್‌ಟಿ ಸರ್ಜನ್ ಮತ್ತು ಅರಿವಳಿಕೆ ವೈದ್ಯರು ಇಬ್ಬರೂ ಇರುವ ಥಿಯೇಟರಿನಲ್ಲಿ, ರೋಗಿ ಎಚ್ಚರವಿರುವಾಗಲೇ ಮುಂದಿನ ಕೆಲಸ ನಡೆಯಬೇಕು. ಉಂಗುರ ಕುತ್ತಿಗೆಯಲ್ಲಿದ್ದರೆ ಅದರ ಕೆಳಗೆ ರಂಧ್ರ ಮಾಡಿ ಕೊಳವೆ ಇಡಬಹುದು. ಎದೆಯೊಳಗಿದ್ದರೆ ಮಾಮೂಲಿ ಕೊಳವೆ ಅಲ್ಲಿಗೆ ತಲುಪದು.

ಕಲಬುರಗಿಗೆ ಕಳಿಸುವ ಮುಂಚೆಯೇ ಅಲ್ಲಿಗೆ ಫೋನು ಹೋಗಬೇಕು, ಮೊದಲ ವಾಕ್ಯ “ಅಸ್ತಮಾ ಪೇಷಂಟ್” ಎಂದಾಗಬಾರದು, “12 ದಿನ ಟ್ಯೂಬ್ ಇತ್ತು, ಐದು ವಾರದ ಮೇಲೆ ಸ್ಟ್ರೈಡರ್” ಎಂದಾಗಬೇಕು.